ಕರಿದ ಎಣ್ಣೆ ಡೀಸೆಲ್ ಆಗುತ್ತಾ, ಸೋಪಾಗುತ್ತಾ? ಒಂದು ಮಿಲಿಲೀಟರ್ ಹೇಳುತ್ತದೆ

ಪ್ರಶ್ನೆ: ಸರ್, ಎರಡು ಹೋಟೆಲ್ ಮತ್ತು ಅಕ್ಕಪಕ್ಕದ ಮನೆಗಳಿಂದ ಕರಿದ ಎಣ್ಣೆ ತಂದು ಒಟ್ಟಿಗೆ ಸುರಿದೆ. ಸೋಸಿದ ಮೇಲೆ 20 ಲೀಟರ್ ಸಿಕ್ಕಿತು. ಲೀಟರಿಗೆ 5 ಗ್ರಾಂ ಕಾಸ್ಟಿಕ್ ಸೋಡಾ, ಒಟ್ಟು 4 ಲೀಟರ್ ಮೆಥನಾಲ್ ಹಾಕಿ ಬಿಸಿ ಮಾಡಿ ಒಂದು ಗಂಟೆ ಕಲಕಿದೆ. ಗ್ಲಿಸರಿನ್ ಬೇರೆಯಾಗಲೇ ಇಲ್ಲ, ಎಲ್ಲಾ ಲೋಳೆಯಾಗಿ ಕೂತಿದೆ. ಎಲ್ಲಿ ತಪ್ಪಿದೆ? ಈ ಲೋಳೆಯನ್ನೇ ಸೋಪು ಮಾಡಿಕೊಳ್ಳಬಹುದಾ? ಅಥವಾ ಬಯೋಡೀಸೆಲ್ ಬಿಟ್ಟು ಸೋಪನ್ನೇ ಮಾಡೋದು ಒಳ್ಳೆಯದಾ?

ಉತ್ತರ: ಮೊದಲು ಆ ಲೋಳೆಯ ಮಾತು, ಯಾಕೆಂದರೆ ಅದು ಈಗ ನಿಮ್ಮ ಮನೆಯಲ್ಲೇ ಇದೆ. ಅದನ್ನು ಸೋಪು ಮಾಡಬೇಡಿ. ಅದರೊಳಗೆ ಇನ್ನೂ ಮೆಥನಾಲ್ ಇದೆ. ಮೆಥನಾಲ್ ವಿಷ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಆವಿಯಾಗಿ ಉಸಿರಿನಲ್ಲೂ ಹೋಗುತ್ತದೆ. ಕಣ್ಣಿನ ನರಕ್ಕೆ ಹೊಡೆತ ಬೀಳುವುದು ಇದರಿಂದಲೇ. ಅಡುಗೆಮನೆಯಲ್ಲಿ ಕುದಿಸಿ ಹಾರಿಸಿಬಿಡೋಣ ಅಂದುಕೊಂಡರೆ ಇನ್ನೂ ಅಪಾಯ. ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಹಗಲು ಬೆಳಕಿನಲ್ಲಿ ಆ ಬೆಂಕಿ ಕಣ್ಣಿಗೆ ಕಾಣುವುದೇ ಕಷ್ಟ. ಸದ್ಯಕ್ಕೆ ಲೋಳೆಯನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು, ಮನೆಯ ಹೊರಗೆ ನೆರಳಲ್ಲಿ ಇಡಿ. ಮೆಥನಾಲ್ ಬಟ್ಟಿ ಇಳಿಸುವ ಸೌಕರ್ಯ ಇರುವ ಬಯೋಡೀಸೆಲ್ ಘಟಕಕ್ಕೋ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೋ ಕೊಡಿ. ಚರಂಡಿಗೆ ಸುರಿಯಬೇಡಿ.

ಕೊಡುವ ಮೊದಲು ಒಂದು ಸಲ ಸರಿಯಾಗಿ ನೋಡಿ. ಇದರಲ್ಲಿ ಎರಡು ಥರದ ಲೋಳೆ ಇದೆ. ಮೇಲೆ ತಿಳಿಯಾದ ದ್ರವ ಇದ್ದು ತಳದಲ್ಲಿ ಮಾತ್ರ ಕಂದು ಬಣ್ಣದ್ದು ಗಟ್ಟಿಯಾಗಿದ್ದರೆ ಅದು ಸೋಲಲ್ಲ. ಕಾಸ್ಟಿಕ್ ಸೋಡಾ ಬಳಸಿದಾಗ ಗ್ಲಿಸರಿನ್ ತಣ್ಣಗಾದ ಮೇಲೆ ಹಾಗೆ ಹೆಪ್ಪುಗಟ್ಟುವುದುಂಟು. ಮೇಲಿನದನ್ನು ಬಸಿದುಕೊಂಡರೆ ಆಯಿತು. ಆದರೆ ಮೇಲಿಂದ ಕೆಳಗಿನ ತನಕ ಒಂದೇ ಥರ ಮಂಜುಮಂಜಾಗಿ, ಗಂಜಿಯ ಹಾಗೆ ಕೂತಿದ್ದರೆ ಅದು ಸೋಪು ಹಿಡಿದುಕೊಂಡ ಎಣ್ಣೆ. ನೀವು ಬರೆದಿರುವುದು ಎರಡನೆಯದರ ಹಾಗೆ ಕಾಣುತ್ತದೆ.

ಈಗ ತಪ್ಪು ಎಲ್ಲಿ ಅಂತ ನೋಡೋಣ. ನಿಮ್ಮ ಮೆಥನಾಲ್ ಅಳತೆ ಸರಿಯಾಗೇ ಇದೆ, ಎಣ್ಣೆಯ ಐದನೇ ಒಂದು ಭಾಗ. ಒಂದು ಗಂಟೆ ಕಲಕಿದ್ದೂ ಸರಿ. ಲೀಟರಿಗೆ 5 ಗ್ರಾಂ ಅನ್ನುವ ಲೆಕ್ಕ ಮಾತ್ರ ಹೊಸ ಎಣ್ಣೆಯದು. ಕರಿದ ಎಣ್ಣೆಗೆ ಅದು ಸಾಲುವುದಿಲ್ಲ. ಎಷ್ಟು ಜಾಸ್ತಿ ಬೇಕು ಅನ್ನುವುದು ಒಂದೊಂದು ಡಬ್ಬಿಗೆ ಒಂದೊಂದು ಥರ. ಅದನ್ನು ನೋಡದೆ ಎಲ್ಲವನ್ನೂ ಒಟ್ಟಿಗೆ ಸುರಿದದ್ದೇ ತೊಂದರೆಯ ಬೇರು.

ಯಾಕೆ ಅಂತ ಹೇಳುತ್ತೇನೆ. ಎಣ್ಣೆಯ ಒಂದು ಅಣು ಅಂದರೆ ಒಂದು ಗ್ಲಿಸರಿನ್, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲ. ಮೆಥನಾಲ್ ಬಂದು ಗ್ಲಿಸರಿನ್ ಜಾಗದಲ್ಲಿ ತಾನು ಕೂತರೆ ಬಯೋಡೀಸೆಲ್. ಕಾಸ್ಟಿಕ್ ಸೋಡಾ ಈ ಅದಲುಬದಲು ಮಾಡಿಸುವ ದಲ್ಲಾಳಿ ಇದ್ದ ಹಾಗೆ. ಆದರೆ ಎಣ್ಣೆಯಲ್ಲಿ ಏನಾದರೂ ಕರಿಯುವಾಗ ಅದರ ನೀರಿನಂಶ ಬಿಸಿ ಎಣ್ಣೆಗೆ ಸಿಗುತ್ತದೆ. ಆ ನೀರು ಎಣ್ಣೆಯ ಅಣುವನ್ನು ಒಡೆದು ಕೊಬ್ಬಿನಾಮ್ಲವನ್ನು ಬಿಡಿಯಾಗಿ ಬಿಟ್ಟುಬಿಡುತ್ತದೆ. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಷ್ಟೂ ಈ ಬಿಡಿ ಆಮ್ಲ ಏರುತ್ತದೆ. ಕಾಸ್ಟಿಕ್ ಸೋಡಾ ಹಾಕಿದ ಕೂಡಲೇ ಈ ಬಿಡಿ ಆಮ್ಲ ಮೊದಲು ಅದರ ಮೇಲೆ ಬೀಳುತ್ತದೆ. ಇಬ್ಬರೂ ಸೇರಿದರೆ ಆಗುವುದು ಸೋಪು. ನಿಜವಾದ ಕೆಲಸಕ್ಕೆ ಉಳಿಯುವುದು ಚೂರುಪಾರು ಕಾಸ್ಟಿಕ್ ಅಷ್ಟೇ.

ಎಣ್ಣೆಯಲ್ಲಿ ನೀರೂ ಇದ್ದರೆ ಇನ್ನೂ ಕಷ್ಟ. ನೀರು ಮತ್ತು ಕಾಸ್ಟಿಕ್ ಸೇರಿದರೆ ಒಳ್ಳೆಯ ಎಣ್ಣೆಯೂ ಸೋಪಾಗುತ್ತದೆ. ಅರ್ಧ ಬದಲಾದ ಎಣ್ಣೆ, ಸೋಪು, ನೀರು ಮೂರೂ ಸೇರಿದರೆ ಒಂದನ್ನೊಂದು ಬಿಡುವುದೇ ಇಲ್ಲ. ನಿಮ್ಮ ಕ್ಯಾನಿನಲ್ಲಿ ಈಗ ಇರುವುದು ಅದೇ.

ಬಿಡಿ ಆಮ್ಲವನ್ನು ಅಳೆಯಲು ಲ್ಯಾಬ್ ಬೇಕಿಲ್ಲ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಸರಿಯಾಗಿ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿಟ್ಟುಕೊಳ್ಳಿ. ಒಂದು ಗ್ರಾಮನ್ನು ತೋರಿಸುವ ಚಿಕ್ಕ ತಕ್ಕಡಿಯೇ ಬೇಕು, ಅಂದಾಜು ನಡೆಯುವುದಿಲ್ಲ. ಒಂದು ಸಣ್ಣ ಗಾಜಿನ ಲೋಟಕ್ಕೆ 10 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡು ಮೂರು ಹನಿ ಫಿನಾಫ್ಥಲೀನ್ ಹಾಕಿ. ಆಲ್ಕೋಹಾಲಿನಲ್ಲೂ ಒಂದಿಷ್ಟು ಹುಳಿ ಇರಬಹುದು. ಹಾಗಾಗಿ ಎಣ್ಣೆ ಹಾಕುವ ಮೊದಲೇ ಕಾಸ್ಟಿಕ್ ನೀರನ್ನು ಒಂದೆರಡು ಹನಿ ಬಿಟ್ಟು ತಿಳಿ ಗುಲಾಬಿ ಮಾಡಿಕೊಳ್ಳಿ. ಈ ಹನಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈಗ ಸಿರಿಂಜಿನಲ್ಲಿ ಸರಿಯಾಗಿ 1 ಮಿಲಿಲೀಟರ್ ಎಣ್ಣೆ ಹಾಕಿ ಕಲಕಿ. ಗುಲಾಬಿ ಬಣ್ಣ ಹೊರಟುಹೋಗುತ್ತದೆ. ಇನ್ನೊಂದು ಸಿರಿಂಜಿನಿಂದ ಕಾಸ್ಟಿಕ್ ನೀರನ್ನು ಹನಿ ಹನಿಯಾಗಿ ಬಿಡುತ್ತಾ ಹೋಗಿ. ಹನಿ ಬಿದ್ದಲ್ಲಿ ಗುಲಾಬಿ ಮಿಂಚಿ ಮಾಯವಾಗುತ್ತದೆ. ಕೊನೆಗೆ ಒಂದು ಹನಿಗೆ ಇಡೀ ಲೋಟ ಗುಲಾಬಿಯಾಗಿ, ಕಲಕಿದರೂ ಅರ್ಧ ನಿಮಿಷ ಹಾಗೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಎಷ್ಟು ಮಿಲಿಲೀಟರ್ ಖರ್ಚಾಯಿತೋ, ಲೀಟರ್ ಎಣ್ಣೆಗೆ ಅಷ್ಟೇ ಗ್ರಾಂ ಕಾಸ್ಟಿಕ್ ಸೋಡಾ 5 ಗ್ರಾಮಿನ ಮೇಲೆ ಸೇರಿಸಬೇಕು. ಮೂರು ಸಲ ಮಾಡಿ, ಸರಾಸರಿ ತಗೊಳ್ಳಿ.

ಒಂದು ಮಿಲಿಲೀಟರ್ ಅಂದರೆ ಸುಮಾರು ಮುಕ್ಕಾಲು ಶೇಕಡ ಬಿಡಿ ಆಮ್ಲ. ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. 3 ಮಿಲಿಲೀಟರ್ ಒಳಗಿದ್ದರೆ ಧೈರ್ಯವಾಗಿ ಬಯೋಡೀಸೆಲ್. 3 ರಿಂದ 5 ಇದ್ದರೆ ಆಗುತ್ತದೆ, ಆದರೆ ನಷ್ಟ ಜಾಸ್ತಿ, ತೊಳೆಯುವಾಗ ಕಾಟ ಕೊಡುತ್ತದೆ. 5 ದಾಟಿದರೆ ನಾನು ಅದನ್ನು ಸೋಪಿಗೆ ಎತ್ತಿಡುತ್ತೇನೆ. ಗಂಧಕಾಮ್ಲ ಬಳಸಿ ಮೊದಲು ಆಮ್ಲ ಇಳಿಸುವ ವಿಧಾನ ಇದೆ. ಮನೆಯ ಹಿತ್ತಲಲ್ಲಿ ಮೆಥನಾಲ್ ಜೊತೆ ಗಂಧಕಾಮ್ಲವನ್ನೂ ಹಿಡಿದುಕೊಂಡು ಕೂರುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಹಾಗೇ ಬಂದಿದ್ದ ಒಂದು ಹೊರೆಯ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ಅದೂ 20 ಲೀಟರೇ. ಮನೆಗಳಿಂದ ಬಂದದ್ದು 10 ಲೀಟರ್, ಪರೀಕ್ಷೆಯಲ್ಲಿ 2 ಮಿಲಿಲೀಟರ್ ತೋರಿಸಿತು. ಒಂದು ಹೋಟೆಲಿನದು 6 ಲೀಟರ್, ಅದು 3. ಇನ್ನೊಂದು ಹೋಟೆಲಿನದು 4 ಲೀಟರ್, ಕಡುಕಂದು ಬಣ್ಣ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅದು 11 ತೋರಿಸಿತು. ಎಲ್ಲವನ್ನೂ ಬೆರೆಸಿದ್ದರೆ ಏನಾಗುತ್ತಿತ್ತು ನೋಡಿ. ಮನೆ ಎಣ್ಣೆಯ ಪಾಲು 20 ಗ್ರಾಂ, ಮೊದಲ ಹೋಟೆಲಿನದು 18, ಆ ಕಪ್ಪು ಡಬ್ಬಿಯದ್ದೊಂದೇ 44. ಒಟ್ಟು 82 ಗ್ರಾಂ ಕಾಸ್ಟಿಕ್ ಬರೀ ಆಮ್ಲದ ಬಾಯಿಗೆ. ಲೀಟರಿಗೆ 4.1 ಗ್ರಾಂ ಆಯಿತು. ನಿಮ್ಮ ಹಾಗೆ 5 ಗ್ರಾಂ ಮಾತ್ರ ಹಾಕಿದ್ದರೆ ಕೆಲಸಕ್ಕೆ ಉಳಿಯುತ್ತಿದ್ದದ್ದು ಲೀಟರಿಗೆ ಒಂದು ಗ್ರಾಮೂ ಇಲ್ಲ. ಆ 82 ಗ್ರಾಮಿನಿಂದ ಹುಟ್ಟುವ ಸೋಪು ಅರ್ಧ ಕಿಲೋ ದಾಟುತ್ತದೆ. 20 ಲೀಟರ್ ಎಣ್ಣೆಯೊಳಗೆ ಅರ್ಧ ಕಿಲೋ ಸೋಪು ಕರಗಿಸಿದ ಮೇಲೆ ಅದು ಬೇರೆಯಾಗು ಅಂದರೆ ಎಲ್ಲಿ ಆಗುತ್ತದೆ?

ಹಾಗಂತ ಮುಂದಿನ ಸಲ ಸುಮ್ನೆ ಒಂದು ಹಿಡಿ ಕಾಸ್ಟಿಕ್ ಜಾಸ್ತಿ ಹಾಕಿದರೆ ಸರಿಹೋಗುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿಯಾದ ಕಾಸ್ಟಿಕ್ ಒಳ್ಳೆಯ ಎಣ್ಣೆಯನ್ನೇ ಸೋಪು ಮಾಡತೊಡಗುತ್ತದೆ. ಆಗಲೂ ಲೋಳೆಯೇ.

ನಾನು ಕಪ್ಪು ಡಬ್ಬಿಯನ್ನು ಪಕ್ಕಕ್ಕಿಟ್ಟೆ. ಉಳಿದ 16 ಲೀಟರಿಗೆ ಸರಾಸರಿ 2.4 ಬಂತು. ಅಂದರೆ ಲೀಟರಿಗೆ 7.4, ಒಟ್ಟು 118 ಗ್ರಾಂ ಕಾಸ್ಟಿಕ್ ಸೋಡಾ. ಮೆಥನಾಲ್ 3.2 ಲೀಟರ್.

ಆದರೆ ಒಲೆ ಹಚ್ಚುವ ಮೊದಲು ನೀರಿನ ಪರೀಕ್ಷೆ. ಒಂದು ಚಮಚ ಎಣ್ಣೆಯನ್ನು ಒಣ ಬಾಣಲೆಗೆ ಹಾಕಿ ಕಾಯಿಸಿ, ಕಿವಿ ಕೊಟ್ಟು ಕೇಳಿ. ಕನ್ನಡಕ ಹಾಕಿಕೊಂಡು, ಮುಖ ದೂರವಿಟ್ಟು ಕೇಳಿ. ಚಟಪಟ ಅಂದರೆ ನೀರಿದೆ. ಒಂದೆರಡು ಗುಳ್ಳೆ ಎದ್ದು ಸುಮ್ಮನಾದರೆ ಪರವಾಗಿಲ್ಲ. ಆವತ್ತು ಮನೆಗಳ ಎಣ್ಣೆ ಚೆನ್ನಾಗೇ ಸದ್ದು ಮಾಡಿತು. ಮನೆಯ ಎಣ್ಣೆಯಲ್ಲಿ ಆಮ್ಲ ಕಡಿಮೆ, ನೀರು ಜಾಸ್ತಿ ಇರುವುದು ನಾನು ತುಂಬಾ ಸಲ ಕಂಡಿದ್ದೇನೆ. ಒದ್ದೆ ಬಾಟಲಿಗೆ ತುಂಬಿರುತ್ತಾರೆ, ಬಾಣಲೆ ತೊಳೆದ ನೀರೂ ಒಂದಿಷ್ಟು ಸೇರಿರುತ್ತದೆ. ನಾನು ಶುರು ಮಾಡಿದ ಹೊಸದರಲ್ಲಿ ಈ ಚಮಚದ ಪರೀಕ್ಷೆ ಮಾಡದೆ 40 ಲೀಟರ್ ಕಳೆದುಕೊಂಡೆ. ಆಮ್ಲದ ಲೆಕ್ಕ ಸರಿಯಿತ್ತು, ಒಂದು ಕ್ಯಾನಿನ ತಳದಲ್ಲಿ ಎರಡು ಬೆರಳು ನೀರಿತ್ತು, ಅಷ್ಟೇ.

ನೀರು ತೆಗೆಯಲು ಎಣ್ಣೆಯನ್ನು 60 ಡಿಗ್ರಿಗೆ ಕಾಯಿಸಿ, ತಳದಲ್ಲಿ ನಲ್ಲಿ ಇರುವ ಡ್ರಮ್ಮಿನಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ ನಲ್ಲಿ ತಿರುವಿದರೆ ಮೊದಲು ನೀರು, ಆಮೇಲೆ ಕೆಸರಿನಂಥ ಗಸಿ, ಕೊನೆಗೆ ಎಣ್ಣೆ ಬರುತ್ತದೆ. ಎಣ್ಣೆ ತಿಳಿಯಾಗುವ ತನಕ ಬಿಟ್ಟು ನಲ್ಲಿ ಮುಚ್ಚಿ. ಇನ್ನೂ ಚಟಪಟ ಅಂದರೆ, ಪಾತ್ರೆಯನ್ನು ಅರ್ಧದಷ್ಟೇ ತುಂಬಿ, ಕೈಯಾಡಿಸುತ್ತಾ ನಿಧಾನಕ್ಕೆ 105 ರಿಂದ 110 ಡಿಗ್ರಿಗೆ ಏರಿಸಿ. ತುಂಬಿದ ಪಾತ್ರೆ ಇಟ್ಟರೆ ನೊರೆ ಉಕ್ಕಿ ಬೆಂಕಿಗೆ ಬೀಳುತ್ತದೆ.

ಒಣಗಿದ ಎಣ್ಣೆ 55 ಡಿಗ್ರಿಗೆ ಇಳಿದ ಮೇಲೆ ಮುಂದಿನ ಕೆಲಸ. ಇಲ್ಲಿಂದ ಮುಂದೆ ಬೆಂಕಿ ಹತ್ತಿರವೂ ಇರಬಾರದು. ಬಯಲಲ್ಲಿ ಮಾಡಿ, ಉದ್ದ ಗ್ಲೌಸ್ ಮತ್ತು ಮುಚ್ಚಿದ ಕನ್ನಡಕ ಹಾಕಿಕೊಳ್ಳಿ. ಕಾಸ್ಟಿಕ್ಕನ್ನು ಮೆಥನಾಲಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಮುಚ್ಚಳ ಮುಚ್ಚಿ ಕುಲುಕಿ. ದ್ರಾವಣ ತಾನಾಗಿಯೇ ಬಿಸಿಯಾಗುತ್ತದೆ, ಹಾಗಾಗಿ ಮಧ್ಯೆ ಮಧ್ಯೆ ತಣಿಯಲು ಬಿಡಿ, ಮುಚ್ಚಳ ಸಡಿಲಿಸಿ ಒತ್ತಡ ಬಿಡಿ. ಒಂದು ಹರಳೂ ಉಳಿಯದ ಹಾಗೆ ಕರಗಿದ ಮೇಲೆ ಎಣ್ಣೆಗೆ ಸುರಿದು ಒಂದು ಗಂಟೆ ಕಲಕಿ. 60 ಡಿಗ್ರಿ ದಾಟಬಾರದು, ಮೆಥನಾಲ್ ಸುಮಾರು 65ಕ್ಕೆ ಕುದಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಒಳ್ಳೆಯದು.

ಕಲಕುವುದು ನಿಲ್ಲಿಸಿದ ಹತ್ತು ಇಪ್ಪತ್ತು ನಿಮಿಷದಲ್ಲೇ ಗಾಜಿನ ಬಾಟಲಿಯಲ್ಲಿ ಸ್ಯಾಂಪಲ್ ಹಿಡಿದು ನೋಡಿ. ಸರಿಯಾಗಿದ್ದರೆ ಕಪ್ಪು ಎಳೆಗಳು ಕೆಳಗಿಳಿದು ತಳದಲ್ಲಿ ಕೂಡಲು ಶುರುವಾಗಿರುತ್ತದೆ. ಒಂದು ರಾತ್ರಿ ಬಿಟ್ಟು ತಳದ ಗ್ಲಿಸರಿನ್ ಬಸಿಯಿರಿ. ಅದರಲ್ಲೂ ಮೆಥನಾಲ್ ಇರುತ್ತದೆ, ನಿಮ್ಮ ಲೋಳೆಗೆ ಹೇಳಿದ್ದೇ ಅದಕ್ಕೂ.

ಮೇಲಿನದು ಬಯೋಡೀಸೆಲ್ ಆಯಿತೋ ಇಲ್ಲವೋ ಅಂತ ಬಣ್ಣ ನೋಡಿ ಹೇಳಲಾಗದು. 27 ಮಿಲಿಲೀಟರ್ ಮೆಥನಾಲಿಗೆ 3 ಮಿಲಿಲೀಟರ್ ಹಾಕಿ ಕುಲುಕಿ. ಎರಡೂ ಸುಮಾರು 20 ರಿಂದ 25 ಡಿಗ್ರಿಯಲ್ಲಿರಲಿ. ಬಯೋಡೀಸೆಲ್ ಮೆಥನಾಲಿನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ಅರ್ಧ ಗಂಟೆಯ ಮೇಲೂ ತಿಳಿಯಾಗಿದ್ದರೆ ಗೆದ್ದಿರಿ. ತಳದಲ್ಲಿ ಎಣ್ಣೆಯ ಒಂದು ಹನಿ ಕೂತರೂ ಕೆಲಸ ಅರ್ಧಕ್ಕೆ ನಿಂತಿದೆ ಅಂತ. ಗ್ಲಿಸರಿನ್ ತೆಗೆದು, ಇನ್ನೊಂದಿಷ್ಟು ಮೆಥನಾಲ್ ಮತ್ತು ಕಾಸ್ಟಿಕ್ ಸೇರಿಸಿ ಮತ್ತೊಮ್ಮೆ ಕಲಕಬೇಕು. ಗೆದ್ದದ್ದನ್ನು ಹದವಾದ ಬಿಸಿನೀರಿನಲ್ಲಿ ತೊಳೆಯಿರಿ. ಮೊದಲ ಸಲ ಮಳೆ ಜಿನುಗಿದ ಹಾಗೆ ಮೇಲಿಂದ ಸಿಂಪಡಿಸಿ, ಕಲಕಬೇಡಿ, ಇಲ್ಲದಿದ್ದರೆ ಉಳಿದ ಸೋಪು ಮತ್ತೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಕೆಳಗಿನ ನೀರು ತಿಳಿಯಾಗಿ ಬರುವ ತನಕ ತೊಳೆದು, ಆಮೇಲೆ ಗಾಳಿಯಾಡುವಲ್ಲಿ ಒಣಗಿಸಿ. ಬಾಟಲಿಯ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಓದಲು ಬರಬೇಕು. ನನಗೆ ಆ 16 ಲೀಟರಿನಲ್ಲಿ ಕೊನೆಗೆ ಸಿಕ್ಕಿದ್ದು 14 ಲೀಟರ್.

ಇದನ್ನು ಎಲ್ಲಿ ಬಳಸಬಹುದು ಅನ್ನುವುದಕ್ಕೆ ಚಿಕ್ಕ ಉತ್ತರ: ಹಳೆಯ ಮಾದರಿಯ ಡೀಸೆಲ್ ಎಂಜಿನ್, ಪಂಪು, ಜನರೇಟರಿನಲ್ಲಿ, ಮೊದಲು ಐದನೇ ಒಂದು ಭಾಗ ಬೆರೆಸಿ. ಬಯೋಡೀಸೆಲ್ ಟ್ಯಾಂಕಿನ ಹಳೆಯ ಕೊಳೆಯನ್ನೆಲ್ಲಾ ಕಿತ್ತು ತರುವುದರಿಂದ ಶುರುವಿನಲ್ಲಿ ಫಿಲ್ಟರ್ ಕಟ್ಟುತ್ತದೆ, ಒಂದು ಹೊಸದು ಕೈಯಲ್ಲಿರಲಿ. ರಬ್ಬರ್ ಪೈಪುಗಳೂ ಮೆತ್ತಗಾಗಬಹುದು. ಹೊಸ ಕಾಮನ್ ರೇಲ್ ಎಂಜಿನ್ನಿಗೆ ಮನೆಯಲ್ಲಿ ಮಾಡಿದ್ದನ್ನು ಹಾಕಬೇಡಿ.

ಈಗ ಆ ಕಪ್ಪು ಡಬ್ಬಿ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಬಯೋಡೀಸೆಲನ್ನು ಕೆಡಿಸುವ ಬಿಡಿ ಆಮ್ಲ ಸೋಪನ್ನು ಕೆಡಿಸುವುದಿಲ್ಲ. ಹೇಗಿದ್ದರೂ ಸೋಪಿನಲ್ಲಿ ಎಲ್ಲಾ ಕೊಬ್ಬಿನಾಮ್ಲವೂ ಕಾಸ್ಟಿಕ್ ಜೊತೆ ಸೇರಲೇಬೇಕು. ಮೊದಲೇ ಬಿಡಿಯಾಗಿರುವುದು ಬೇಗ ಸೇರುತ್ತದೆ ಅಷ್ಟೇ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದು ಅಂತ ಆರಿಸಿಕೊಳ್ಳುವ ಅಗತ್ಯವೇ ಇಲ್ಲ, ಡಬ್ಬಿ ಯಾವ ದಾರಿಗೆ ಅನ್ನುವುದನ್ನು ಪರೀಕ್ಷೆ ಹೇಳುತ್ತದೆ.

ಸೋಪಿನ ಎಣ್ಣೆಯನ್ನು ನೀರಿನಲ್ಲಿ ತೊಳೆಯಬಹುದು, ಇದು ಬಯೋಡೀಸೆಲ್ ಎಣ್ಣೆಗೆ ಸಿಗದ ಅನುಕೂಲ. ಎಣ್ಣೆಯಷ್ಟೇ ನೀರು, ಎರಡು ಚಮಚ ಉಪ್ಪು ಹಾಕಿ ಸಣ್ಣಗೆ ಕುದಿಸಿ, ಒಂದು ರಾತ್ರಿ ತಣಿಯಲು ಬಿಟ್ಟೆ. ಸುಟ್ಟ ಚೂರು, ಹಿಟ್ಟು, ವಾಸನೆಯ ಒಂದು ಪಾಲು ನೀರಿಗಿಳಿಯಿತು. ಮೇಲಿಂದ ತೆಗೆದ ಎಣ್ಣೆ ಮೂರೂವರೆ ಕಿಲೋ ತೂಗಿತು. ಸೋಪಿಗೆ ಯಾವಾಗಲೂ ತೂಕದ ಲೆಕ್ಕ, ಲೀಟರಿನದಲ್ಲ. ಬೆರಕೆ ಅಡುಗೆ ಎಣ್ಣೆ ಪೂರ್ತಿ ಸೋಪಾಗಲು ಕಿಲೋಗೆ ಸುಮಾರು 135 ಗ್ರಾಂ ಕಾಸ್ಟಿಕ್ ಬೇಕು. ಕಾಸ್ಟಿಕ್ ಮಿಕ್ಕಿ ಕೈ ಸುಡದಿರಲಿ ಅಂತ ಶೇಕಡ 5 ಕಡಿಮೆ ಮಾಡಿ ಕಿಲೋಗೆ 128 ಹಿಡಿಯುತ್ತೇನೆ. ಮೂರೂವರೆ ಕಿಲೋಗೆ 448 ಗ್ರಾಂ ಆಯಿತು, ಅದಕ್ಕೆ ಒಂದು ಲೀಟರ್ ನೀರು. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ ಮೇಲೆ ಸುರಿದರೆ ಸಿಡಿಯುತ್ತದೆ.

ಎಣ್ಣೆ, ಕಾಸ್ಟಿಕ್ ನೀರು ಎರಡೂ 45 ಡಿಗ್ರಿ ಹತ್ತಿರ ಬಂದಾಗ ಬೆರೆಸಿದೆ. ಆಮ್ಲ ಜಾಸ್ತಿ ಇದ್ದ ಎಣ್ಣೆ ಕಣ್ಣೆದುರೇ ಗಟ್ಟಿಯಾಗತೊಡಗುತ್ತದೆ. ಅಚ್ಚು ಮೊದಲೇ ಸಿದ್ಧ ಇರಬೇಕು, ಆಮೇಲೆ ಹುಡುಕಲು ಹೊತ್ತಿರುವುದಿಲ್ಲ. ಎರಡು ದಿನಕ್ಕೆ ಕತ್ತರಿಸಿ, ಗಾಳಿಗೆ ಐದಾರು ವಾರ ಬಿಟ್ಟೆ. ಒದ್ದೆ ಮಾಡಿದ ಬಿಲ್ಲೆಯ ಮೇಲೆ ಒಂದು ಹನಿ ಫಿನಾಫ್ಥಲೀನ್ ಬಿಡಿ. ತಿಳಿ ಗುಲಾಬಿ ಬಂದರೆ ಸರಿ, ಕಡು ಗುಲಾಬಿಯಾದರೆ ಒಳಗೆ ಕಾಸ್ಟಿಕ್ ಇನ್ನೂ ಉಳಿದಿದೆ. ಬಟ್ಟೆಗೆ, ಪಾತ್ರೆಗೆ, ನೆಲಕ್ಕೆ ಈ ಸೋಪು ಚೆನ್ನಾಗಿದೆ. ಮೈಗೆ ಹಚ್ಚಲು ನಾನು ಕೊಡುವುದಿಲ್ಲ. ಪದೇ ಪದೇ ಕಾದ ಎಣ್ಣೆಯಲ್ಲಿ ಕಮಟು ಹಿಡಿದ ಅಂಶಗಳು ತೊಳೆದರೂ ಪೂರ್ತಿ ಹೋಗುವುದಿಲ್ಲ. ತಿಂಗಳು ಕಳೆದಂತೆ ಬಿಲ್ಲೆಯ ಮೇಲೆ ಕಿತ್ತಳೆ ಚುಕ್ಕೆ ಕಂಡರೆ ಅದೇ ಕಾರಣ.

ಎಣ್ಣೆ ತರುವಾಗ ಒಂದು ಡಬ್ಬಿ, ಒಂದು ಚೀಟಿ. ಎಲ್ಲಿಂದ ಬಂತು, ಯಾವ ತಾರೀಕು, ಎಷ್ಟು ಲೀಟರ್ ಅಂತ ಬರೆದು ಅಂಟಿಸಿ. ಪರೀಕ್ಷೆ ಆದ ಮೇಲೆ ಎಷ್ಟು ಮಿಲಿಲೀಟರ್ ಅನ್ನುವುದನ್ನೂ ಅದರ ಮೇಲೆ ಬರೆಯಿರಿ. ಹೋಟೆಲಿನವರಿಗೆ ಒಣಗಿದ ಕ್ಯಾನ್ ನೀವೇ ಕೊಟ್ಟು ಬನ್ನಿ, ಎಣ್ಣೆ ತಣಿದ ಮೇಲೆ ತುಂಬಿ, ಪಾತ್ರೆ ತೊಳೆದ ನೀರು ಸೇರಿಸಬೇಡಿ ಅಂತ ಹೇಳಿ. ಎರಡು ಮೂರು ಸಲ ತಂದ ಮೇಲೆ ಯಾವ ಅಡುಗೆಮನೆಯ ಎಣ್ಣೆ ಎಷ್ಟು ತೋರಿಸುತ್ತದೆ ಅಂತ ನಿಮಗೇ ಬಾಯಿಪಾಠ ಆಗಿರುತ್ತದೆ. ಆದರೂ ಹಳೆಯ ಚೀಟಿ ನಂಬಿ ಕಾಸ್ಟಿಕ್ ತೂಗಬೇಡಿ. ನೀರು ಮತ್ತು ಚೂರು ಉಳಿದಿರುವ ಎಣ್ಣೆಯಲ್ಲಿ ಇಟ್ಟಲ್ಲೇ ಆಮ್ಲ ಏರುತ್ತದೆ. ತಂದ ದಿನ 2 ಇದ್ದದ್ದು ಎರಡು ತಿಂಗಳ ಮೇಲೆ 4 ಆಗಿದ್ದನ್ನು ನಾನೇ ಬರೆದಿಟ್ಟಿದ್ದೇನೆ. ಒಲೆಗೆ ಇಡುವ ದಿನ ಬೆಳಗ್ಗೆ ಇನ್ನೊಮ್ಮೆ 1 ಮಿಲಿಲೀಟರ್ ತೆಗೆದು ನೋಡಿ.